ಡಾಲರ್ ಆಗಿ ಹೋದ ರೂಪಾಯಿ

ಮನಿ ಎಕ್ಸ್‌ಚೇಂಜ್ ಅಂಗಡಿಯ ಫಲಕದಲ್ಲಿ ಒಂದೊಂದು ದೇಶದ ಹಣಕ್ಕೂ ಎರಡೆರಡು ದರ ಇರುತ್ತವೆ. ಒಂದು, ಅಂಗಡಿಯವರು ನಮ್ಮಿಂದ ಕೊಳ್ಳುವ ದರ. ಇನ್ನೊಂದು, ನಮಗೆ ಮಾರುವ ದರ. ಟಿವಿಯಲ್ಲಿ ಹೇಳುವ ದರ ಇವೆರಡೂ ಅಲ್ಲ. ಅದು ಬ್ಯಾಂಕುಗಳು ತಮ್ಮತಮ್ಮಲ್ಲೇ ಕೋಟಿಗಟ್ಟಲೆ ವ್ಯವಹಾರ ಮಾಡುವ ದರ. ನಮ್ಮ ಕೈಗೆ ಸಿಗುವುದಿಲ್ಲ.

ಲೆಕ್ಕಕ್ಕೆ ಒಂದು ದಿನ ಬ್ಯಾಂಕುಗಳ ನಡುವಿನ ಡಾಲರ್ ದರ 85 ರೂಪಾಯಿ ಎಂದಿಟ್ಟುಕೊಳ್ಳೋಣ. ಅಂಗಡಿಯವರು 87.50ಕ್ಕೆ ಮಾರುತ್ತಾರೆ, 82.50ಕ್ಕೆ ಕೊಳ್ಳುತ್ತಾರೆ. 70,000 ರೂಪಾಯಿ ಕೊಟ್ಟರೆ 800 ಡಾಲರ್ ಬರುತ್ತದೆ. ಅಷ್ಟರಲ್ಲಿ ಪ್ರವಾಸ ರದ್ದಾಯಿತು. ಅದೇ ಸಂಜೆ, ಅದೇ ನೋಟುಗಳನ್ನು, ಅದೇ ಕಿಟಕಿಗೆ ತಂದರೆ ಸಿಗುವುದು 66,000. ಇದರ ಮೇಲೆ ಜಿಎಸ್‌ಟಿ. ಒಂದು ಲಕ್ಷದವರೆಗಿನ ವಿನಿಮಯದಲ್ಲಿ ಮೊತ್ತದ ಶೇ 1ರಷ್ಟನ್ನು (ಕನಿಷ್ಠ 250 ರೂಪಾಯಿ) ಸೇವೆಯ ಬೆಲೆ ಎಂದು ಹಿಡಿದು, ಅದಕ್ಕೆ ಶೇ 18 ತೆರಿಗೆ ಹಾಕುತ್ತಾರೆ. ಹೋಗುವಾಗ 126 ರೂಪಾಯಿ, ಬರುವಾಗ ಸುಮಾರು 119. ಒಟ್ಟು ನಷ್ಟ 4,245 ರೂಪಾಯಿ. ತೆರಿಗೆಯದು ಚಿಲ್ಲರೆ ಪಾಲು. ದೊಡ್ಡ ಪೆಟ್ಟು ಬಿದ್ದಿರುವುದು ಆ ಎರಡು ದರಗಳ ನಡುವೆ. ‘ಕಮಿಷನ್ ಇಲ್ಲ’ ಎಂಬ ಬೋರ್ಡು ಸುಳ್ಳೇನಲ್ಲ, ಕಮಿಷನ್ ದರದೊಳಗೇ ಕೂತಿದೆ ಅಷ್ಟೆ.

ಈ ಅಂತರ ಅಂಗಡಿಯವರ ದುರಾಸೆ ಮಾತ್ರವೇ? ಅಲ್ಲ. ಕೊಳ್ಳುವ ದರ ಮಾರುವ ದರಕ್ಕಿಂತ ಮೇಲಿದ್ದರೆ, ಯಾರಾದರೂ ಕಿಟಕಿಯ ಮುಂದೆಯೇ ನಿಂತು ಕೊಂಡು-ಮಾರಿ ಸಂಜೆಯೊಳಗೆ ಗಲ್ಲಾಪೆಟ್ಟಿಗೆ ಖಾಲಿ ಮಾಡುತ್ತಿದ್ದರು. ಎರಡೂ ಒಂದೇ ಆದರೆ ಅಂಗಡಿ ನಡೆಯುವುದಿಲ್ಲ. ನೋಟುಗಳು ಪೆಟ್ಟಿಗೆಯಲ್ಲಿ ಕೂತಷ್ಟು ದಿನ ಅವುಗಳ ಬೆಲೆ ಇಳಿಯುವ ಭಯ ಇದ್ದೇ ಇರುತ್ತದೆ. ಖೋಟಾ ನೋಟಿನ ಅಪಾಯ, ಸಾಗಣೆ, ವಿಮೆ ಬೇರೆ. ಅದಕ್ಕೇ, ದಿನಾ ಕೈ ಬದಲಿಸುವ ಡಾಲರ್‌ಗಿಂತ ಅಪರೂಪಕ್ಕೆ ಗಿರಾಕಿ ಬರುವ ವಿಯೆಟ್ನಾಮಿನ ಡಾಂಗ್‌ಗೆ ಅಂತರ ಹೆಚ್ಚು. ವಿಮಾನ ನಿಲ್ದಾಣದಲ್ಲಂತೂ ದುಬಾರಿ ಬಾಡಿಗೆಯೂ, ಬೇರೆಡೆ ಹೋಗಲಾಗದ ನಮ್ಮ ಅವಸರವೂ ಆ ದರದಲ್ಲೇ ಸೇರಿರುತ್ತವೆ.

ಅಂಗಡಿಯನ್ನು ಅಳೆಯಲು ಮೊಬೈಲಿನ ಕ್ಯಾಲ್ಕುಲೇಟರ್ ಸಾಕು: ಕೊಳ್ಳುವ ದರವನ್ನು ಮಾರುವ ದರದಿಂದ ಭಾಗಿಸಿ. ಇಲ್ಲಿ 0.943 ಬರುತ್ತದೆ, ಅಂದರೆ ನೂರು ರೂಪಾಯಿ ಹೋಗಿ ಬಂದರೆ 94 ರೂಪಾಯಿ ಚಿಲ್ಲರೆ. ಇನ್ನೊಂದು ಸುತ್ತು ಹೋದರೆ 89ಕ್ಕೆ ಇಳಿಯುತ್ತದೆ. ನಡುವೆ ರೂಪಾಯಿ ಕುಸಿದರೆ ಲಾಭವಾಗದೇ? ಆಗಬಹುದು. ಆದರೆ ಅಂಗಡಿಯ ಕೊಳ್ಳುವ ದರವೇ 87.50 ದಾಟಿ ಇನ್ನಷ್ಟು ಏರಬೇಕು. ಅದು ದರದ ಏರಿಳಿತದ ಮೇಲಿನ ಜೂಜು, ವಿನಿಮಯದ ಗಳಿಕೆಯಲ್ಲ.

ಪ್ರವಾಸದಿಂದ ಉಳಿದು ಬಂದ ಡಾಲರ್‌ಗಳನ್ನು ಆತುರಪಟ್ಟು ಮಾರಬೇಕಾಗಿಯೂ ಇಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 2,000 ಡಾಲರ್‌ವರೆಗಿನ ನೋಟುಗಳನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದು. ಮುಂದಿನ ಪ್ರಯಾಣವಿದ್ದರೆ, ಎರಡನೇ ಸಲದ ಆ ಕಡಿತ ತಪ್ಪುತ್ತದೆ.