ಐವತ್ತು ಇಳಿದರೆ ನೂರು ಏರಬೇಕು

2008ರಲ್ಲಿ ಸೆನ್ಸೆಕ್ಸ್ ಶೇ 52ರಷ್ಟು ಕುಸಿಯಿತು. ಮರುವರ್ಷ ಶೇ 81ರಷ್ಟು ಜಿಗಿಯಿತು. ಎಂಬತ್ತೊಂದರಲ್ಲಿ ಐವತ್ತೆರಡು ಕಳೆದರೆ ಇಪ್ಪತ್ತೊಂಬತ್ತು ಉಳಿಯುತ್ತದೆ. ಹಾಗಾದರೆ ಎರಡು ವರ್ಷ ಷೇರು ಮಾರದೆ ಕೂತವರಿಗೆ ಶೇ 29 ಲಾಭ ಬಂದಿರಬೇಕಲ್ಲವೇ? ಬಂದಿರಲಿಲ್ಲ. ಅವರು ಇನ್ನೂ ಶೇ 14ರಷ್ಟು ನಷ್ಟದಲ್ಲೇ ಇದ್ದರು.

ಲೆಕ್ಕ ಹಾಕಿ ನೋಡೋಣ. 2007ರ ಕೊನೆಯಲ್ಲಿ ಸೂಚ್ಯಂಕ 20,287ರಲ್ಲಿತ್ತು. ಅಂದು ಸೂಚ್ಯಂಕದ ಷೇರುಗಳಲ್ಲಿ ಹಾಕಿದ ಒಂದು ಲಕ್ಷ ರೂಪಾಯಿ, ಡಿವಿಡೆಂಡ್ ಬಿಟ್ಟರೆ, ವರ್ಷದೊಳಗೆ ಸುಮಾರು 47,500 ಆಯಿತು. 2009ರ ಶೇ 81 ಏರಿಕೆ ಸಿಕ್ಕಿದ್ದು ಈ 47,500ಕ್ಕೆ, ಮೊದಲಿನ ಲಕ್ಷಕ್ಕಲ್ಲ. ಅದರಿಂದ ಬಂದದ್ದು ಸುಮಾರು 38,500, ಒಟ್ಟು 86,000.

ಎಡವುವುದು ಇಲ್ಲೇ. ಇಳಿಯುವಾಗ ಶೇಕಡಾ ಲೆಕ್ಕ ದೊಡ್ಡ ಮೊತ್ತದ ಮೇಲೆ, ಏರುವಾಗ ಅಳಿದುಳಿದ ಮೊತ್ತದ ಮೇಲೆ. ನೂರು ರೂಪಾಯಿ ಐವತ್ತಾದರೆ, ಕಳೆದದ್ದು ನೂರರ ಅರ್ಧ. ಆದರೆ ಮರಳಿ ಗಳಿಸಬೇಕಾದ ಐವತ್ತು, ಕೈಯಲ್ಲಿರುವ ಹಣದಷ್ಟೇ ದೊಡ್ಡದು. ಅಂದರೆ ಶೇ 100. ಕಳೆದದ್ದನ್ನು ಉಳಿದದ್ದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬೇಕಾದ ಏರಿಕೆ ಸಿಗುತ್ತದೆ. ಶೇ 10 ಇಳಿದರೆ 11 ಏರಿದರೆ ಹೆಚ್ಚುಕಡಿಮೆ ಸಾಕು, 20ಕ್ಕೆ 25. ಇಲ್ಲಿಯವರೆಗೆ ಸಲೀಸು. 80 ಇಳಿದರೆ ಮಾತ್ರ 400 ಏರಬೇಕು, 90ಕ್ಕೆ 900.

ಏರಿಕೆ ಮೊದಲು, ಇಳಿತ ಆಮೇಲೆ ಬಂದರೆ? ವ್ಯತ್ಯಾಸವೇನೂ ಇಲ್ಲ. ನೂರು ನೂರೈವತ್ತಾಗಿ, ಅದರಲ್ಲಿ ಶೇ 50 ಹೋದರೆ ಉಳಿಯುವುದು ಎಪ್ಪತ್ತೈದೇ. ಸರಾಸರಿ ಕೇಳಿದರೆ ಸೊನ್ನೆ ಎನ್ನುತ್ತದೆ, ಜೇಬು ಬೇರೆಯೇ ಹೇಳುತ್ತದೆ. ಹಾಗಾಗಿ ಯಾರಾದರೂ ‘ಕಳೆದ ವರ್ಷ ಶೇ 80 ಲಾಭ’ ಎಂದು ಬೀಗಿದರೆ ಅದರ ಹಿಂದಿನ ವರ್ಷ ಏನಾಗಿತ್ತೆಂದು ಕೇಳಿ.

ಬೆಲೆ ಅರ್ಧವಾದಾಗ ಅಷ್ಟೇ ಹಣ ಮತ್ತೆ ಹಾಕಿ ಸರಾಸರಿ ಇಳಿಸುವವರಿದ್ದಾರೆ. ಆಗ ಶೇ 33 ಏರಿದರೆ ಒಟ್ಟು ಹಣ ಸರಿದೂಗುತ್ತದೆ, ನಿಜ. ಅದು ಹೊಸ ಹಣದ ಲಾಭ ಹಳೆಯ ನಷ್ಟವನ್ನು ತುಂಬುವ ಬಗೆ. ಮೊದಲು ಕೊಂಡ ಷೇರು ಇನ್ನೂ ಶೇ 33 ಕೆಳಗೇ ಇರುತ್ತದೆ. ಷೇರು ಮತ್ತೆ ಕುಸಿದರೆ ಮುಳುಗುವುದೂ ಎರಡರಷ್ಟು ಹಣ.

ಎಷ್ಟು ಏರಬೇಕೆಂದು ಈ ಗಣಿತ ಹೇಳುತ್ತದೆ, ಎಂದು ಏರುತ್ತದೆಂದು ಹೇಳುವುದಿಲ್ಲ. ಸೆನ್ಸೆಕ್ಸ್ 2010ರ ಕೊನೆಗೆ 20,509 ಮುಟ್ಟಿ, ನಮ್ಮ ಒಂದು ಲಕ್ಷ ಮೂರು ವರ್ಷಕ್ಕೆ 1,01,000 ಆಯಿತು. ಜಪಾನಿನ ನಿಕ್ಕಿ ಸೂಚ್ಯಂಕ 1989ರ ಡಿಸೆಂಬರಿನಲ್ಲಿ 38,915ರಲ್ಲಿತ್ತು. 2009ರ ಮಾರ್ಚಿಗೆ 7,055ಕ್ಕೆ ಇಳಿಯಿತು. ಶೇ 82 ಇಳಿತ. ಮರಳಲು ಬೇಕಾಗಿದ್ದ ಏರಿಕೆ ಶೇ 450ಕ್ಕೂ ಹೆಚ್ಚು. ಹಳೆಯ ಎತ್ತರವನ್ನು ಅದು ದಾಟಿದ್ದು 2024ರ ಫೆಬ್ರವರಿಯಲ್ಲಿ, 34 ವರ್ಷಗಳ ನಂತರ.