ಮಾಲು ಅವರ ಅಂಗಡಿಯಲ್ಲಿ, ಒಡೆತನ ನಿಮ್ಮದು

“ಇಟ್ಟು ಹೋಗಿ, ಮಾರಾಟ ಆದ ಮೇಲೆ ದುಡ್ಡು ಕೊಡ್ತೀವಿ.” ಹೊಸ ಮಾಲು ಹಿಡಿದು ಅಂಗಡಿಗಳಿಗೆ ಅಲೆಯುವ ಸಣ್ಣ ತಯಾರಕರಿಗೆ ಈ ಮಾತು ಹೊಸದಲ್ಲ. ಆರು ತಿಂಗಳು ಬಿಟ್ಟು ಹೋದರೆ ಮಾಲು ಎಷ್ಟು ಉಳಿದಿದೆ, ದುಡ್ಡು ಎಷ್ಟು ಬರಬೇಕು ಎನ್ನುವುದು ಇಬ್ಬರಿಗೂ ನೆನಪಿರುವುದಿಲ್ಲ. ಇದೇ ವ್ಯವಹಾರವನ್ನು ಅಂಗಡಿಯವರು ಹೇಳುವ ಮೊದಲೇ ನಾವೇ ಒಂದು ಪುಟದ ಪ್ರಸ್ತಾವವಾಗಿ ಬರೆದು ಮುಂದಿಟ್ಟರೆ ಚಿತ್ರವೇ ಬೇರೆಯಾಗುತ್ತದೆ. ಕನ್‌ಸೈನ್‌ಮೆಂಟ್ ಎಂದು ಕರೆಯುವ ಈ ಪದ್ಧತಿಯಲ್ಲಿ ನಾಲ್ಕು ವಿಷಯಗಳು ಮೊದಲೇ ಇತ್ಯರ್ಥವಾಗಬೇಕು: ಮಾಲು ಯಾರದು, ಲೆಕ್ಕ ಹೇಗೆ, ದುಡ್ಡು ಯಾವಾಗ, ಉಳಿದದ್ದು ಏನಾಗಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಚನ್ನಪಟ್ಟಣದಲ್ಲಿ ಆಲೆ ಮರದ ಆಟಿಕೆ ಮಾಡುವ ಒಬ್ಬ ಮಹಿಳೆ ಮೈಸೂರಿನ ಉಡುಗೊರೆ ಅಂಗಡಿಯೊಂದಕ್ಕೆ ಪ್ರಸ್ತಾವ ಕೊಡುತ್ತಾರೆ. 150 ರೂಪಾಯಿ ಬೆಲೆಯ ಗಿಲಕಿ 40, 80 ರೂಪಾಯಿಯ ಬುಗುರಿ 50, 600 ರೂಪಾಯಿಯ ಮರದ ರೈಲು 10. ಅಂಗಡಿಯವರು ಇವನ್ನು ನಗದು ಕೊಟ್ಟು ಕೊಂಡರೆ ಗಿಲಕಿಗೆ 90 ರೂಪಾಯಿ. ಮಾರಾಟವಾದ ಮೇಲೆ ಕೊಡುವುದಾದರೆ 105. ಈ 15 ರೂಪಾಯಿ ವ್ಯತ್ಯಾಸಕ್ಕೆ ಕಾರಣವಿದೆ. ಅಂಗಡಿಯವರು ಬಂಡವಾಳ ಹಾಕುತ್ತಿಲ್ಲ, ಮಾಲು ಹೋಗದೆ ಕೂತರೆ ನಷ್ಟವೂ ಅವರದಲ್ಲ. ಆ ಭಾರವನ್ನೆಲ್ಲ ತಯಾರಕಿ ಹೊರುತ್ತಿದ್ದಾರೆ. ಎರಡೂ ದರಗಳನ್ನು ಪಕ್ಕಪಕ್ಕ ಬರೆದು ಕೊಟ್ಟರೆ ಚೌಕಾಸಿ ಅರ್ಧ ಮುಗಿದಂತೆ. ಅಂಗಡಿಯವರು ತಮಗೆ ಅನುಕೂಲವಾದದ್ದನ್ನು ಆರಿಸಿಕೊಳ್ಳುತ್ತಾರೆ.

ಇಲ್ಲಿ ಇನ್ನೊಂದು ಜಾಗ್ರತೆ ಬೇಕು. ತಯಾರಕರ ಪಾಲನ್ನು ಶೇಕಡಾವಾರು ಬರೆಯುವುದಕ್ಕಿಂತ ಪ್ರತಿ ನಗಕ್ಕೆ ಇಂತಿಷ್ಟು ರೂಪಾಯಿ ಎಂದು ಬರೆಯುವುದು ಒಳ್ಳೆಯದು. ಗಿಲಕಿಗೆ 105, ಬುಗುರಿಗೆ 56, ರೈಲಿಗೆ 420. ದಸರಾ ರಿಯಾಯಿತಿ ಎಂದು ಅಂಗಡಿಯವರು ಬೆಲೆ ಇಳಿಸಿದರೂ ಆಗ ಆ ಇಳಿಕೆ ಅವರ ಪಾಲಿನಲ್ಲೇ ಕಳೆಯುತ್ತದೆ.

ಇನ್ನು ಒಡೆತನ. ಗಿರಾಕಿಗೆ ಮಾರಾಟವಾಗುವವರೆಗೆ ಮಾಲು ತಯಾರಕರದೇ ಎಂಬ ವಾಕ್ಯ ಪ್ರಸ್ತಾವದಲ್ಲಿ ಇರಲೇಬೇಕು. ಆದರೆ ವಾಕ್ಯವೊಂದೇ ಸಾಲದು, ಕಾಗದಪತ್ರವೂ ಅದನ್ನೇ ಹೇಳಬೇಕು. ಮಾಲು ಕಳಿಸುವಾಗ ಬಿಲ್ ಹಾಕಿದರೆ ಅದು ಮಾರಿದ ಹಾಗೆ ಕಾಣುತ್ತದೆ. ಅದಕ್ಕೇ ಡೆಲಿವರಿ ಚಲನ್ ಕೊಟ್ಟು ಸಹಿ ಹಾಕಿಸಿಕೊಳ್ಳಬೇಕು. ಬಿಲ್ ಹುಟ್ಟುವುದು ಮಾರಾಟದ ಲೆಕ್ಕ ಬಂದ ಮೇಲೆ, ಮಾರಾಟವಾದಷ್ಟಕ್ಕೆ ಮಾತ್ರ. ಜಿಎಸ್‌ಟಿ ನೋಂದಣಿ ಇರುವವರು ಒಂದು ಗಡುವನ್ನು ನೆನಪಿಡಬೇಕು. ಒಪ್ಪಿಗೆಯಾದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ವಾಪಸ್ ಕೊಡಿ ಎಂದು ಕಳಿಸಿದ ಮಾಲು ಮಾರಾಟವಾಗದಿದ್ದರೂ, ಕಳಿಸಿದ ದಿನದಿಂದ ಆರು ತಿಂಗಳಾಗುವಷ್ಟರಲ್ಲಿ ಬಿಲ್ ಹಾಕಲೇಬೇಕು. ಅಂಗಡಿಯವರು ಕೊನೆಯ ಗಳಿಗೆಯಲ್ಲಿ ಕೊಂಡು ಮಾರುವವರೋ, ನಮ್ಮ ಪರವಾಗಿ ಮಾರುವ ಏಜೆಂಟರೋ ಎನ್ನುವುದರ ಮೇಲೂ ತೆರಿಗೆಯ ಲೆಕ್ಕ ಬದಲಾಗುತ್ತದೆ. ಒಪ್ಪಂದದ ಭಾಷೆಯನ್ನು ಲೆಕ್ಕಪತ್ರ ನೋಡುವವರಿಗೆ ಒಮ್ಮೆ ತೋರಿಸುವುದು ಕ್ಷೇಮ.

ಒಡೆತನ ನಮ್ಮಲ್ಲೇ ಉಳಿದರೆ ಅದರ ಹಿಂದೆಯೇ ಅಪಾಯವೂ ಉಳಿಯುತ್ತದೆ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ಬೇರೆ ಮಾತಾಗಿರದಿದ್ದರೆ, ನಷ್ಟ ಒಡೆಯರದು. ಅಂಗಡಿಗೆ ಬೆಂಕಿ ಬಿದ್ದರೆ, ಮಳೆನೀರು ನುಗ್ಗಿದರೆ, ಅಂಗಡಿಯವರು “ನಮ್ಮದಲ್ಲವಲ್ಲ” ಎಂದು ಕೈ ತೊಳೆದುಕೊಳ್ಳಬಹುದು. ಹಾಗಾಗಿ ಆ ಬೇರೆ ಮಾತನ್ನು ನಾವೇ ಬರೆಯಬೇಕು: ಮಾಲು ಅಂಗಡಿಯಲ್ಲಿ ಇರುವಷ್ಟು ದಿನ ಕಳುವಾದರೆ, ಹಾಳಾದರೆ, ತಯಾರಕರ ದರದಲ್ಲಿ ಅಂಗಡಿಯವರು ತುಂಬಿಕೊಡಬೇಕು. ಅವರ ವಿಮೆ ಇನ್ನೊಬ್ಬರ ಮಾಲಿಗೂ ಅನ್ವಯಿಸುತ್ತದೆಯೇ ಎಂದೂ ಕೇಳಬೇಕು. ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಅಪಾಯ ಬ್ಯಾಂಕಿನದು. ಅಂಗಡಿಯ ದಾಸ್ತಾನಿನ ಮೇಲೆ ಬ್ಯಾಂಕ್ ಸಾಲ ಪಡೆದವರು ಕಾಲಕಾಲಕ್ಕೆ ಸ್ಟಾಕ್ ಪಟ್ಟಿ ಕೊಡಬೇಕಾಗುತ್ತದೆ. ಆ ಪಟ್ಟಿಯಲ್ಲಿ ನಮ್ಮ ಆಟಿಕೆಗಳೂ ಸೇರಿಹೋದರೆ, ನಾಳೆ ಸಾಲ ಕೆಟ್ಟಾಗ ನಮ್ಮದು ಎಂದು ಬಿಡಿಸಿಕೊಳ್ಳಲು ಹೋರಾಡಬೇಕು. ಪ್ರತಿ ಆಟಿಕೆಗೂ ನಮ್ಮ ಗುರುತಿನ ಚೀಟಿ ಅಂಟಿಸಿ, ಆ ಪಟ್ಟಿಗೆ ಇದನ್ನು ಸೇರಿಸಬಾರದು ಎಂದು ಒಂದು ಸಾಲು ಬರೆದರೆ ಈ ಗಂಟು ಮೊದಲೇ ಬಿಚ್ಚಿಕೊಳ್ಳುತ್ತದೆ.

ಲೆಕ್ಕದ ವಿಷಯಕ್ಕೆ ಬಂದರೆ, ಹೆಚ್ಚಿನ ಜಗಳ ಹುಟ್ಟುವುದು ಇಲ್ಲೇ. ಮೊದಲ ತಿಂಗಳ ಕೊನೆಗೆ ಮೈಸೂರಿನ ಅಂಗಡಿಯವರು ಬಿಲ್ ಪುಸ್ತಕ ನೋಡಿ ಹೇಳುತ್ತಾರೆ: ಗಿಲಕಿ 22, ಬುಗುರಿ 18, ರೈಲು 2 ಹೋಗಿವೆ. ಹಾಗಿದ್ದರೆ 32 ಬುಗುರಿ ಉಳಿದಿರಬೇಕು. ಎಣಿಸಿದರೆ ಸಿಗುವುದು 29. ಮೂರು ಎಲ್ಲಿಗೆ ಹೋದವು? ಯಾವುದೋ ಮಗು ಜೇಬಿಗೆ ಹಾಕಿಕೊಂಡಿರಬಹುದು, ಗಡಿಬಿಡಿಯಲ್ಲಿ ಬಿಲ್ ಹಾಕದೆ ಮಾರಿರಬಹುದು. ಕಾರಣ ಹುಡುಕುತ್ತ ಕೂತರೆ ಸಂಬಂಧ ಕೆಡುತ್ತದೆಯೇ ಹೊರತು ಬುಗುರಿ ಸಿಗುವುದಿಲ್ಲ. ಅದಕ್ಕೇ ಪ್ರಸ್ತಾವದಲ್ಲೇ ಹೀಗೆ ಬರೆಯಬೇಕು: ಕೊಟ್ಟದ್ದರಲ್ಲಿ ವಾಪಸ್ ಬಂದದ್ದನ್ನೂ ಕಪಾಟಿನಲ್ಲಿ ಎಣಿಸಿ ಸಿಕ್ಕಿದ್ದನ್ನೂ ಕಳೆದು, ಮಿಕ್ಕಿದ್ದೆಲ್ಲ ಮಾರಾಟವಾದಂತೆ. ಈ ಲೆಕ್ಕದಲ್ಲಿ ಬುಗುರಿ 21. ತಯಾರಕಿಗೆ ಬರಬೇಕಾದದ್ದು ಗಿಲಕಿಗೆ 2,310, ಬುಗುರಿಗೆ 1,176, ರೈಲಿಗೆ 840, ಒಟ್ಟು 4,326 ರೂಪಾಯಿ.

ಎಣಿಕೆಗೆ ದಿನ ಗೊತ್ತಿರಬೇಕು. ತಿಂಗಳ ಕೊನೆಯ ದಿನ ಅಂಗಡಿಯವರು ಎಣಿಸಿ ವಾಟ್ಸಾಪ್‌ನಲ್ಲಿ ಪಟ್ಟಿಯನ್ನೂ ಕಪಾಟಿನ ಫೋಟೊವನ್ನೂ ಕಳಿಸುವುದು, ಮೂರು ತಿಂಗಳಿಗೊಮ್ಮೆ ತಯಾರಕರು ತಾವೇ ಹೋಗಿ ಎಣಿಸುವುದು ಎಂದಿಟ್ಟುಕೊಂಡರೆ ಇಬ್ಬರಿಗೂ ಹೊರೆಯಾಗದು. ದುಡ್ಡು ಮುಂದಿನ ತಿಂಗಳ 10ರೊಳಗೆ ಬರಬೇಕು. ಇದನ್ನು ಅಂಗಡಿಯವರಿಗೆ ಕೊಟ್ಟ ಸಾಲದ ವಾಯಿದೆ ಎಂದು ತಿಳಿಯಬಾರದು. ಗಿರಾಕಿ ಕೊಟ್ಟ ಹಣ ಆಗಲೇ ಅವರ ಗಲ್ಲಾಪೆಟ್ಟಿಗೆಯಲ್ಲಿದೆ. ಹಳೆಯ ಬಾಕಿ ಬರದೆ ಹೊಸ ಮಾಲು ಇಲ್ಲ ಎಂಬ ನಿಯಮ ಇದ್ದರೆ ಬಾಕಿ ಬೆಳೆಯುವುದಿಲ್ಲ. ಪಟ್ಟಿ ಬರುವುದು ತಡವಾಗತೊಡಗಿತೆಂದರೆ ದುಡ್ಡೂ ತಡವಾಗುತ್ತದೆ ಎಂದೇ ಅರ್ಥ. ಆಗ ಫೋನ್ ಮಾಡುವ ಬದಲು ಅಂಗಡಿಗೇ ಹೋಗಿ ಎಣಿಸಬೇಕು.

ಕೊನೆಯದು ಉಳಿದ ಮಾಲು. ಮೂರು ತಿಂಗಳಾದರೂ ಹೋಗದ್ದನ್ನು ಯಾರು ಬೇಕಾದರೂ ಹಿಂತಿರುಗಿಸಬಹುದು ಅಥವಾ ಕೇಳಬಹುದು ಎಂದಿರಲಿ. ಐದನೇ ತಿಂಗಳು ತುಂಬುವಷ್ಟರಲ್ಲಿ ಎಲ್ಲವೂ ವಾಪಸ್ ಬಂದರೆ ಜಿಎಸ್‌ಟಿ ಗಡುವಿನ ತಲೆನೋವೂ ಇರದು. ವಾಪಸಾತಿಗೂ ಚಲನ್ ಇರಬೇಕು, ಪ್ರತಿ ನಗದ ಸ್ಥಿತಿ ಅದರಲ್ಲಿ ದಾಖಲಾಗಬೇಕು. ಅರಗಿನ ಹೊಳಪು ಗೀಚಿಹೋದ ರೈಲು, ರಿಯಾಯಿತಿ ಚೀಟಿಯ ಅಂಟು ಮೆತ್ತಿದ ಗಿಲಕಿ ಹೊಸದೆಂದು ಮತ್ತೆ ಮಾರಲು ಬರುವುದಿಲ್ಲ, ಅವು ಅಂಗಡಿಯವರ ಲೆಕ್ಕಕ್ಕೆ. ಬಣ್ಣ ತಾನಾಗಿ ಮಾಸಿದ್ದು, ಮರ ಬಿರುಕು ಬಿಟ್ಟದ್ದು ತಯಾರಕರ ಲೆಕ್ಕಕ್ಕೆ. ಸಾಗಣೆಯ ಖರ್ಚು ಹೋಗುವಾಗ ತಯಾರಕರದು, ಬರುವಾಗ ಅಂಗಡಿಯವರದು ಎಂದು ಹಂಚಿಕೊಂಡರೆ ಹತ್ತು ಬೇಕಾದಲ್ಲಿ ಐವತ್ತು ತರಿಸಿಕೊಳ್ಳುವ ಚಾಳಿ ತಪ್ಪುತ್ತದೆ.

ಮೂರು ತಿಂಗಳ ಎಣಿಕೆ ಕೈಗೆ ಬಂದಾಗ ಪ್ರಸ್ತಾವವನ್ನು ತಿದ್ದುವ ಸಮಯವೂ ಬಂದಿರುತ್ತದೆ. ನಮ್ಮ ಉದಾಹರಣೆಯಲ್ಲಿ ಗಿಲಕಿ ಒಂದೇ ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚಾಗಿದೆ. ಇದೇ ಓಟ ಮುಂದುವರಿದರೆ ಅದನ್ನು ಈ ಪದ್ಧತಿಯಲ್ಲಿ ಇಡುವ ಅಗತ್ಯ ತಯಾರಕಿಗಿಲ್ಲ. “ಗಿಲಕಿಗೆ ನಗದು ಕೊಟ್ಟು ತಗೊಳ್ಳಿ, 90ಕ್ಕೇ ಕೊಡ್ತೀನಿ” ಎಂದು ಧೈರ್ಯವಾಗಿ ಕೇಳಬಹುದು. ನಿಧಾನಕ್ಕೆ ಹೋಗುವ ರೈಲನ್ನು ಮಾತ್ರ, ಹತ್ತರ ಬದಲು ನಾಲ್ಕರಂತೆ, ಮಾರಾಟವಾದ ಮೇಲೆ ದುಡ್ಡು ಎಂಬ ಲೆಕ್ಕದಲ್ಲಿ ಮುಂದುವರಿಸಬಹುದು.