ಮಂಗನಿಂದ ಮನುಷ್ಯನಿಗೆ ಒಂದು ತಪ್ಪು ಬಾಣ

ಕಳೆದ ಸೆಮಿಸ್ಟರ್ ರಜೆಗೆ ಮುಂಚೆ ನಾವು ನಾಲ್ಕು ಜನ ಸೇರಿ ಮಂಗನ ಕಾಯಿಲೆ ಬಗ್ಗೆ ಒಂದು ಇನ್ಫೋಗ್ರಾಫಿಕ್ ಮಾಡಿದ್ವಿ. ಸೊರಬ, ಶಿಕಾರಿಪುರ ಕಡೆಯ ಹಳ್ಳಿಗಳಲ್ಲಿ ಅಂಟಿಸೋಣ ಅಂತ ಪ್ಲ್ಯಾನ್. ಆ ಭಾಗವನ್ನೇ ಆರಿಸಿಕೊಳ್ಳೋಕೆ ಕಾರಣ ಇತ್ತು. ಈ ಕಾಯಿಲೆಯ ವೈರಸ್ ಮೊದಲು ಗೊತ್ತಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ಜಗತ್ತೆಲ್ಲ ಇದನ್ನು ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ ಅಂತ ಕರೆಯುತ್ತೆ. ಮೊದಲ ಹದಿನೈದು ವರ್ಷ ಇದು ಹೆಚ್ಚುಕಡಿಮೆ ಸಾಗರ, ಸೊರಬ, ಶಿಕಾರಿಪುರ ತಾಲ್ಲೂಕುಗಳಲ್ಲೇ ಇತ್ತು. ಆಮೇಲೆ ಹರಡಿ ಈಗ ಗೋವಾ, ಕೇರಳದ ವಯನಾಡಿನವರೆಗೂ ಹೋಗಿದೆ.

ಹಾಸ್ಟೆಲ್‌ನಲ್ಲಿ ನೋಡಿದವರೆಲ್ಲ "ಸೂಪರ್ ಆಗಿದೆ ಮಗಾ" ಅಂದ್ರು. ರಜೆಗೆ ಊರಿಗೆ ಹೋದಾಗ ಪ್ರಿಂಟ್ ತೆಗೆದು ಸೊರಬ ಹತ್ತಿರ ಇರೋ ನಮ್ಮ ಅಜ್ಜಿಗೆ ತೋರಿಸಿದೆ. ಅಜ್ಜಿ ಕನ್ನಡಕ ಹಾಕ್ಕೊಂಡು ಎರಡು ನಿಮಿಷ ನೋಡಿ, "ಮಂಗ ಹತ್ರ ಬಂದ್ರೆ ಕಚ್ಚುತ್ತೆ, ಓಡಿಸ್ಬೇಕು ಅಂತಾನಾ?" ಅಂತ ಕೇಳಿದ್ರು. ಪೋಸ್ಟರ್‌ನಲ್ಲಿ ಹಾಗಂತ ಎಲ್ಲೂ ಬರೆದಿರಲಿಲ್ಲ. ಆದ್ರೆ ನಾವು ಬರೆದಿದ್ದು ಅದನ್ನೇ ಹೇಳ್ತಿತ್ತು. ಆವತ್ತಿನಿಂದ ಡ್ರಾಫ್ಟನ್ನು ಮೂರು ಸಲ ರಿವ್ಯೂ ಮಾಡಿದ್ವಿ: ಮೊದಲು ಮಾಹಿತಿ, ಆಮೇಲೆ ಓದುವ ಕ್ರಮ, ಕೊನೆಗೆ ಬಣ್ಣ. ಈ ಆರ್ಡರ್ ಮುಖ್ಯ. ಚಿತ್ರವೇ ತಪ್ಪಿದ್ದರೆ ಅದಕ್ಕೆ ಬಣ್ಣ ಸರಿ ಮಾಡ್ತಾ ಕೂರೋದು ದಂಡ.

ಮಾಹಿತಿ: ಬಾಣ ಕೂಡ ಡೇಟಾನೇ

ಪ್ರಿಂಟ್ ಮೇಲಿನ ಪ್ರತಿಯೊಂದು ಸಂಖ್ಯೆಗೂ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಅದು ನಮ್ಮ ಶೀಟಿನ ಯಾವ ಸೆಲ್‌ನಿಂದ ಬಂತು ಅಂತ ಪಕ್ಕದಲ್ಲಿ ಬರೆದ್ವಿ. ಸಂಖ್ಯೆಗಳೆಲ್ಲ ಸರಿ ಇದ್ದವು. ತಪ್ಪಿದ್ದದ್ದು ಚಿತ್ರದಲ್ಲಿ.

ಮೊದಲನೇದು, ಮಂಗನಿಂದ ಮನುಷ್ಯನಿಗೆ ಒಂದು ದಪ್ಪ ಬಾಣ. ನಿಜವಾಗಿ ಮನುಷ್ಯರಿಗೆ ವೈರಸ್ ದಾಟಿಸೋದು ಮುಖ್ಯವಾಗಿ ಉಣುಗು, ಅದರಲ್ಲೂ ಅದರ ಮರಿ. ಮರಿ ಎಷ್ಟು ಚಿಕ್ಕದು ಅಂದ್ರೆ ಕಚ್ಚಿದ್ದು ಗೊತ್ತೇ ಆಗಲ್ಲ. ಮಂಗಕ್ಕೂ ಕಾಯಿಲೆ ಬರೋದು ಉಣುಗಿನಿಂದಲೇ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಸುತ್ತಲಿನ ತರಗೆಲೆ ಮೇಲೆ ಉದುರುತ್ತವೆ. ಸೌದೆಗೋ ದರಗಿಗೋ ಅಲ್ಲಿಗೆ ಹೋದವರಿಗೆ ಕಚ್ಚುತ್ತವೆ. ಅಂದ್ರೆ ಸತ್ತ ಮಂಗ ಒಂದು ಎಚ್ಚರಿಕೆ. ಆ ಜಾಗಕ್ಕೆ ಹೋಗಬಾರದು, ಮಂಗವನ್ನು ಮುಟ್ಟಬಾರದು, ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ನಮ್ಮ ಬಾಣ ನಡುವಿನ ಉಣುಗನ್ನೇ ಹಾರಿಸಿ ಹೋಗಿತ್ತು. ಕಾಯಿಲೆಯ ಹೆಸರಲ್ಲೇ ಮಂಗ ಇರೋದರಿಂದ ತಪ್ಪು ತಿಳಿಯೋದು ಇನ್ನೂ ಸುಲಭ. ಹಾಗಾಗಿ ಪ್ರತಿ ಬಾಣವನ್ನೂ ಒಂದು ವಾಕ್ಯ ಮಾಡಿ ಜೋರಾಗಿ ಓದಿ. "ಮಂಗ ಮನುಷ್ಯನಿಗೆ ಕಾಯಿಲೆ ಕೊಡುತ್ತೆ" ಅಂತ ಓದಿದ ತಕ್ಷಣ ನಮಗೇ ತಪ್ಪು ಕೇಳಿಸ್ತು. ಹೊಸ ಚಿತ್ರದಲ್ಲಿ ಉಣುಗು ನಡುವೆ ಇದೆ, ದೊಡ್ಡದಾಗಿದೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡಲ್ಲ, ಆದ್ದರಿಂದ ಅಲ್ಲಿಂದ ಮುಂದೆ ಬಾಣ ಇಲ್ಲ.

ಎರಡನೇದು ವೃತ್ತಗಳು. 1957ರಲ್ಲಿ 466 ಜನರಿಗೆ, 1958ರಲ್ಲಿ 181 ಜನರಿಗೆ ಕಾಯಿಲೆ ಬಂದಿತ್ತು ಅನ್ನೋದನ್ನು ಎರಡು ವೃತ್ತಗಳಲ್ಲಿ ತೋರಿಸಿದ್ವಿ. 466 ಅನ್ನೋದು 181ರ ಸುಮಾರು 2.57 ಪಟ್ಟು. ಚಿಕ್ಕ ವೃತ್ತದ ವ್ಯಾಸ 2 ಸೆಂ.ಮೀ. ಇಟ್ಟು, ದೊಡ್ಡದಕ್ಕೆ 5.15 ಸೆಂ.ಮೀ. ಕೊಟ್ಟಿದ್ವಿ. ಆದರೆ ಕಣ್ಣು ನೋಡೋದು ವಿಸ್ತೀರ್ಣವನ್ನು, ವಿಸ್ತೀರ್ಣ ಹೋಗೋದು ವ್ಯಾಸದ ವರ್ಗದ ಮೇಲೆ. ಹಾಗಾಗಿ ದೊಡ್ಡ ವೃತ್ತ 6.6 ಪಟ್ಟು ಕಾಣ್ತಿತ್ತು. 2.57ರ ವರ್ಗಮೂಲ ತೆಗೊಂಡ್ರೆ ಅದರ ವ್ಯಾಸ ಬರೀ 3.2 ಸೆಂ.ಮೀ. ಇರಬೇಕಿತ್ತು. ಇಂಜಿನಿಯರಿಂಗ್ ಓದ್ತಾ ಇದನ್ನು ತಪ್ಪಿದ್ವಲ್ಲ ಅಂತ ನಾಚಿಕೆ ಆಯ್ತು. ಕೊನೆಗೆ ವೃತ್ತ ಬಿಟ್ಟು ಸೊನ್ನೆಯಿಂದ ಶುರುವಾಗೋ ಎರಡು ಬಾರ್ ಹಾಕಿದ್ವಿ.

ಓದುವ ಕ್ರಮ: ಎಣ್ಣೆ ಮೊದಲೋ, ಸ್ನಾನ ಮೊದಲೋ

ಕೆಳಗೆ ಏನು ಮಾಡಬೇಕು ಅನ್ನೋ ಆರು ಬಾಕ್ಸ್ ಇದ್ದವು. ಎಡಗಡೆ ಮೂರು ಕಾಡಿಗೆ ಹೋಗೋ ಮುಂಚೆ ಮಾಡುವಂಥವು, ಬಲಗಡೆ ಮೂರು ಬಂದ ಮೇಲೆ. ಮೇಲಿಂದ ಕೆಳಗೆ ಓದ್ತಾರೆ ಅಂತ ನಾವು ಅಂದ್ಕೊಂಡಿದ್ವಿ. ಅಜ್ಜಿ ಬೆರಳಿಟ್ಟು ಓದಿದ್ದು ಅಡ್ಡಕ್ಕೆ: "ಉದ್ದ ತೋಳಿನ ಬಟ್ಟೆ ಹಾಕಿ", ಅದರ ಪಕ್ಕಕ್ಕೆ "ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ", ಆಮೇಲೆ ಕೆಳಗಿನ ಸಾಲಿಗೆ ಬಂದು "ಡೆಪಾ ಎಣ್ಣೆ ಹಚ್ಚಿ". ಡೆಪಾ ಅಂದ್ರೆ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡೋ ಎಣ್ಣೆ. ಅಜ್ಜಿ ಓದಿದ ಕ್ರಮದಲ್ಲಿ ಅದನ್ನು ಕಾಡಿಂದ ಬಂದು ಸ್ನಾನ ಮುಗಿಸಿ ಹಚ್ಕೊಂಡ ಹಾಗಾಯ್ತು!

ಅಜ್ಜಿ ಮಾಡಿದ್ದರಲ್ಲಿ ತಪ್ಪೇನಿಲ್ಲ. ಬಾಕ್ಸ್‌ಗಳ ನಡುವೆ ಅಡ್ಡಕ್ಕೆ 4 ಮಿ.ಮೀ., ಕೆಳಗೆ 12 ಮಿ.ಮೀ. ಜಾಗ ಬಿಟ್ಟಿದ್ವಿ. ಹತ್ತಿರ ಇರೋದು ಒಂದೇ ಗುಂಪು ಅಂತ ಕಣ್ಣು ತಗೊಳ್ಳುತ್ತೆ, ಹಾಗಾಗಿ ಅಡ್ಡಕ್ಕೆ ಹೋಗುತ್ತೆ. ಆ ಎರಡು ಅಳತೆ ಅದಲುಬದಲು ಮಾಡಿ, ಪ್ರತಿ ಸಾಲಿನ ತಲೆ ಮೇಲೆ "ಹೋಗುವ ಮುಂಚೆ", "ಬಂದ ಮೇಲೆ" ಅಂತ ಬರೆದು, 1ರಿಂದ 6 ನಂಬರ್ ಹಾಕಿದ ಮೇಲೆ ಸರಿಯಾಯ್ತು. ಇದನ್ನು ಪರೀಕ್ಷೆ ಮಾಡೋಕೆ ಡ್ರಾಫ್ಟ್ ನೋಡದೇ ಇರೋ ಒಬ್ಬರ ಕೈಲಿ ಬೆರಳಿಟ್ಟು ಓದಿಸಿ, ಮಧ್ಯೆ ಬಾಯಿ ಹಾಕದೆ ಬೆರಳು ಹೋದ ದಾರಿ ಬರ್ಕೊಳ್ಳಿ.

ತಿಂಗಳ ಚಾರ್ಟ್‌ನಲ್ಲೂ ಇದೇ ಥರದ ತೊಂದರೆ ಇತ್ತು. ಕಾಯಿಲೆ ಜಾಸ್ತಿ ಇರೋದು ಸುಮಾರು ಡಿಸೆಂಬರ್‌ನಿಂದ ಮೇವರೆಗೆ. ಜನವರಿಯಿಂದ ಶುರು ಮಾಡಿದ್ದಕ್ಕೆ ಒಂದೇ ಸೀಸನ್ ಎರಡು ತುಂಡಾಗಿ, ಡಿಸೆಂಬರ್ ಬಲತುದಿಯಲ್ಲಿ ಒಂಟಿಯಾಗಿ ನಿಂತಿತ್ತು. ಚಾರ್ಟನ್ನು ಜುಲೈನಿಂದ ಶುರು ಮಾಡಿದ್ವಿ. ಸೀಸನ್ ಒಂದೇ ಗುಡ್ಡ ಆಗಿ, ಯಾವಾಗಿಂದ ಹುಷಾರಾಗಿರಬೇಕು ಅನ್ನೋದು ಒಂದೇ ನೋಟಕ್ಕೆ ಸಿಗ್ತು.

ಬಣ್ಣ: ಝೆರಾಕ್ಸ್ ಅಂಗಡಿಯ ಪರೀಕ್ಷೆ

ಬಣ್ಣ ಎಣಿಸಿದ್ರೆ ಒಂಬತ್ತು ಇದ್ದವು. ಪ್ರತಿ ಬಣ್ಣದ ಮುಂದೆ ಅದರ ಅರ್ಥ ಬರೆಯೋಕೆ ಕೂತ್ವಿ. ಕೆಂಪಿನ ಮುಂದೆ ಐದು ಬಂತು: ಶೀರ್ಷಿಕೆ, ಮಂಗನ ಮುಖ, ಜ್ವರ, ಮ್ಯಾಪಿನಲ್ಲಿ ಸೊರಬ, "ಮಾಡಬೇಡಿ" ಅನ್ನೋ ಗುರುತು. ಐದು ಕಡೆ ಕೂಗಿದರೆ ಯಾವುದು ಅಪಾಯ ಅಂತ ಗೊತ್ತಾಗಲ್ಲ.

ಇನ್ನೊಂದು, ಪಂಚಾಯ್ತಿ ಬೋರ್ಡಿಗೆ ಹೋಗೋದು ನಮ್ಮ ಕಲರ್ ಪ್ರಿಂಟ್ ಅಲ್ಲ, ಅದರ ಕಪ್ಪು-ಬಿಳುಪು ಝೆರಾಕ್ಸ್. "ಮಾಡಿ" ಅನ್ನೋದಕ್ಕೆ ಹಸಿರು `#388E3C`, "ಮಾಡಬೇಡಿ" ಅನ್ನೋದಕ್ಕೆ ಕೆಂಪು `#D32F2F` ಬಳಸಿದ್ವಿ. ಸ್ಕ್ರೀನ್ ಮೇಲೆ ಎರಡೂ ಬೇರೆ ಬೇರೆ. ಆದ್ರೆ ಇವುಗಳ ನಡುವಿನ ಕಾಂಟ್ರಾಸ್ಟ್ ಲೆಕ್ಕ ಹಾಕಿದ್ರೆ ಸುಮಾರು 1.2:1 ಬರುತ್ತೆ. 1:1 ಅಂದ್ರೆ ಎರಡರ ಹೊಳಪೂ ಒಂದೇ, ವ್ಯತ್ಯಾಸವೇ ಇಲ್ಲ ಅಂತ. ಚಿತ್ರದ ಗುರುತುಗಳಿಗೆ ಕನಿಷ್ಠ 3:1 ಇರಬೇಕು ಅಂತ ವೆಬ್‌ನ ನಿಯಮಗಳು ಹೇಳ್ತವೆ. ಝೆರಾಕ್ಸ್ ತೆಗೆಸಿ ನೋಡಿದ್ರೆ "ಮಾಡಿ", "ಮಾಡಬೇಡಿ" ಎರಡೂ ಒಂದೇ ಬೂದು. ಕೆಂಪು-ಹಸಿರು ಗುರುತಿಸಲಾಗದ ವರ್ಣಾಂಧತೆ ಇರೋರಿಗೂ ಹೆಚ್ಚುಕಡಿಮೆ ಇದೇ ಕಷ್ಟ.

ಈಗ ಪೋಸ್ಟರ್‌ನಲ್ಲಿ ಕಪ್ಪು, ಬೂದು ಮತ್ತು ಒಂದೇ ಒಂದು ಕೆಂಪು ಇದೆ. ಕೆಂಪು ಇರೋದು "ಮಾಡಬೇಡಿ" ಮೇಲೆ ಮಾತ್ರ, ಅದರ ಜೊತೆಗೆ ಒಂದು ದಪ್ಪ ಅಡ್ಡಗೆರೆ. ಬಣ್ಣ ಹೋದ್ರೂ ಗೆರೆ ಉಳಿಯುತ್ತೆ. ಹಾಸ್ಟೆಲ್‌ನಲ್ಲಿ ಈ ಸಲ "ಸ್ವಲ್ಪ ಡಲ್ ಆಯ್ತು ಕಣೋ" ಅಂದ್ರು.

ಅಜ್ಜಿ ಮಾತ್ರ ಓದಿ ಮುಗಿಸಿ, ಮುಂದಿನ ಸಲ ಆಶಾ ಅಕ್ಕ ಬಂದಾಗ ಎಣ್ಣೆ ಬಾಟ್ಲಿ ಕೇಳ್ಬೇಕು ಅಂದ್ರು. ಹೋಗೋ ಮುಂಚೆ ಹಚ್ಚೋದು ಅಲ್ವಾ ಅಂತಲೂ ಕೇಳಿದ್ರು.